ಬೂಸಾನ್ ಫೋಟೊಗಳ ಕೆಳಗೆ ನಾನು ಬರೆದುಕೊಟ್ಟದ್ದು

ನನ್ನ ಕೊರಿಯನ್ ಬಗ್ಗೆ ನನಗೆ ಜಂಬವಿತ್ತು. ಮಣ್ಣಗುಡ್ಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲೇಜು ಹುಡುಗಿಯರಿಗೆ ಆ ಭಾಷೆಯ ಪಾಠ ಹೇಳುತ್ತೇನೆ. ಹಾಗಾಗಿ ತಂಗಿಯ ಮಗಳು ಬೂಸಾನ್‌ಗೆ ಹೊರಟಾಗ, ಫೋಟೊಗಳ ಕೆಳಗೆ ಹಾಕುವ ಸಾಲುಗಳನ್ನು ನನ್ನ ಹತ್ತಿರವೇ ಕೇಳಿದಳು.

ಅವಳಾಗಿ ಆ್ಯಪ್‌ನಿಂದ ತೆಗೆದು ಕಳಿಸಿದ್ದರ ಅರ್ಥ ಹೀಗಿತ್ತು: ನಾನು ಸಮುದ್ರದಲ್ಲಿ ಬಹಳ ಸಂತೋಷವಾಗಿದ್ದೇನೆ. "ಇದೆಂತ ಮಾರಾಯ್ತಿ, ಸರಕಾರಿ ಸುತ್ತೋಲೆಯಾ?" ಎಂದು ಬೈದೆ. ಅಲ್ಲಿಯವರು ಹಾಗೆ ಬರೆಯುವುದಿಲ್ಲ. ಎರಡು ಮೂರು ಪದ, ಅಷ್ಟೇ. "바다 보러 왔다" ಎಂದು ಬರೆದುಕೊಟ್ಟೆ, ಸಮುದ್ರ ನೋಡಲು ಬಂದೆ ಎಂದು. ಮರುದಿನಕ್ಕೆ "혼자 여행 2일차", ಒಬ್ಬಳೇ ಪ್ರವಾಸ, ಎರಡನೇ ದಿನ.

ಒಬ್ಬಳೇ ಎಂಬುದು ನಮ್ಮಿಬ್ಬರ ಗುಟ್ಟು. ಜೊತೆಗೆ ಹೋಗಬೇಕಿದ್ದ ಗೆಳತಿಗೆ ವೀಸಾ ಸಿಕ್ಕಿರಲಿಲ್ಲ. "ಅಮ್ಮನಿಗೆ ಹೇಳ್ಬೇಡಿ ದೊಡ್ಡಮ್ಮ, ಬಿಡ್ಲಿಕ್ಕಿಲ್ಲ" ಎಂದು ಅತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಕೊರಿಯನ್‌ನಲ್ಲಿ ಬರೆದರೆ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಬೇರೆ. ಅಲ್ಲಿಯವರು ಏನಾದರೂ ಕಮೆಂಟ್ ಹಾಕಿದರೆ "네, 감사합니다" ಎಂದು ಬರೆದು ಒಂದು ಹಾರ್ಟ್ ಒತ್ತು ಎಂದೂ ಕಲಿಸಿದ್ದೆ. ಹೌದು, ಧನ್ಯವಾದಗಳು. ಯಾವುದಕ್ಕೂ ಆಗುತ್ತದೆ ಎಂದಿದ್ದೆ.

ನಾಲ್ಕನೇ ದಿನ ಸಂಜೆ ನಾಲ್ಕಕ್ಕೆ, ಹುಡುಗಿಯರು ಅಭ್ಯಾಸ ಬರೆಯುತ್ತಿದ್ದಾಗ ಅವಳ ಹೊಸ ಫೋಟೊ ತೆರೆದೆ. ಸಮುದ್ರ, ಮುಳುಗುವ ಸೂರ್ಯ, ಮೇಲೆ ಜಾಗದ ಹೆಸರು. ಕೆಳಗೆ ಯಾರೋ ಗಂಡಸಿನ ಕಮೆಂಟ್, ಕೊರಿಯನ್‌ನಲ್ಲಿ: ನಾನೂ ಹತ್ತಿರದಲ್ಲೇ ಇದ್ದೇನೆ. ಒಬ್ಬಳೇ ಅಲ್ವಾ? ಎಂಟು ಗಂಟೆಗೆ ಬಿಳಿ ಲೈಟ್‌ಹೌಸ್ ಹತ್ತಿರ ಕಾಯ್ತೇನೆ. ಅದರ ಕೆಳಗೆ ನಮ್ಮವಳ ಉತ್ತರ. ಹೌದು, ಧನ್ಯವಾದಗಳು. ಒಂದು ಹಾರ್ಟ್.

ಅಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ, ಅಂದರೆ ಆಗಲೇ ಏಳೂವರೆ. ಅವನು ಬರೆದದ್ದರ ಒಂದಕ್ಷರವೂ ಅವಳಿಗೆ ಗೊತ್ತಿಲ್ಲ. ಅವನಿಗೋ ಇವಳಿಗೆ ಭಾಷೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ಅಷ್ಟು ಚಂದ ಬರೆದುಕೊಟ್ಟವಳು ನಾನೇ ತಾನೆ?

ಫೋನ್ ಮಾಡಿದೆ. ಸ್ವಿಚ್ ಆಫ್. ಮೆಸೇಜಿಗೆ ಒಂದೇ ಟಿಕ್. ಹುಡುಗಿಯರನ್ನು ಮನೆಗೆ ಕಳಿಸಿ, ಅವಳು ಉಳಿದಿದ್ದ ಗೆಸ್ಟ್‌ಹೌಸಿಗೆ ಕರೆ ಮಾಡಿದೆ. ಪಾಠದಲ್ಲಿ ನೀರಿನಂತೆ ಹರಿಯುವ ನನ್ನ ಕೊರಿಯನ್ ಒಂದೊಂದೇ ಪದವಾಗಿ ಹೊರಬಂತು. ಬೆಳಿಗ್ಗೆ ಹೋದವರು ಇನ್ನೂ ಬಂದಿಲ್ಲ ಎಂದಳು ಆ ಕಡೆಯ ಹೆಂಗಸು.

ದೇವರೇ, ಆ ಲೈಟ್‌ಹೌಸಿನ ಕಡೆಗೇ ನಡೆದುಕೊಂಡು ಹೋದರೆ? ಇನ್ನೇನು ಮಾಡಲಿ? ಎಲ್ಲರೂ ನೋಡುವ ಹಾಗೆ ಆ ಕಮೆಂಟಿನ ಕೆಳಗೇ ಕೊರಿಯನ್‌ನಲ್ಲಿ ಬರೆದೆ: ನಾನು ಅವಳ ದೊಡ್ಡಮ್ಮ. ಅವಳಿಗೆ ಈ ಭಾಷೆ ಬರುವುದಿಲ್ಲ. ಇಲ್ಲಿರುವ ಸಾಲುಗಳೆಲ್ಲ ನಾನು ಬರೆದದ್ದು. ಅವಳು ಬರುವುದಿಲ್ಲ, ಕಾಯಬೇಡಿ.

ಐದು ನಿಮಿಷ ಆಗಿರಲಿಲ್ಲ, ಫೋನ್ ಹೊಡೆದುಕೊಂಡಿತು. ತಂಗಿ.

"ಅಕ್ಕ, ಯಾರಿಗೆ ಕಾಯ್ಬೇಡಿ ಅಂತ ಬರ್ದದ್ದು ನೀನು? ಎಂತ ಆಗಿದೆ ಅವಳಿಗೆ?"

ಒಂದೂ ಬಿಡದೆ ಹೇಳಿದೆ. ಅವಳು ಬೈಯಲಿಲ್ಲ. ಇಬ್ಬರೂ ಫೋನ್ ಇಡದೆ ಕೂತೆವು. ಎಂಟು ಗಂಟೆ ಅಲ್ಲಿ ಆಯಿತು, ಎಂಟೂಕಾಲೂ ಆಯಿತು.

ಎಂಟೂ ಇಪ್ಪತ್ತಕ್ಕೆ ಮೆಸೇಜಿನ ಟಿಕ್ ಎರಡಾಯಿತು. "ಎಂತ ದೊಡ್ಡಮ್ಮ, ಇಷ್ಟು ಮಿಸ್ ಕಾಲ್? ಚಾರ್ಜ್ ಖಾಲಿ. ನೂಡಲ್ಸ್ ಅಂಗಡಿಯಲ್ಲಿದ್ದೇನೆ." ಅದನ್ನು ತಂಗಿಗೆ ಓದಿ ಹೇಳಿದೆ. ಇಬ್ಬರೂ ಅತ್ತೆವು. ಇನ್ನೊಮ್ಮೆ ನೋಡುವಾಗ ಅವನ ಕಮೆಂಟ್ ಇರಲಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ, ಇವತ್ತಿಗೂ ಗೊತ್ತಿಲ್ಲ.

"ನಾನು ಬರೆದದ್ದು ನಿನಗೆ ಹೇಗೆ ಓದ್ಲಿಕ್ಕೆ ಆಯ್ತು?" ಎಂದು ಕೇಳಿದೆ.

"ಕೆಳಗೆ ಅನುವಾದ ನೋಡಿ ಅಂತ ಉಂಟಲ್ಲ ಅಕ್ಕ, ಅದನ್ನು ಒತ್ತಿದ್ರೆ ಆಯ್ತು. ಒಬ್ಬಳೇ ಹೋಗಿದ್ದಾಳೆ ಅಂತ ಮೊನ್ನೆಯೇ ಗೊತ್ತಾಗಿದೆ ನನಗೆ. ಅವಳಿಗೆ ಅಷ್ಟು ಚಂದ ಬರೀಲಿಕ್ಕೆ ಎಲ್ಲಿ ಬರ್ತದೆ? ನೀನೇ ಅಂತಲೂ ಗೊತ್ತಿತ್ತು. ನೀನಾಗಿ ಹೇಳ್ತಿ ಅಂತ ಎರಡು ರಾತ್ರಿ ನಿದ್ದೆ ಇಲ್ಲದೆ ಕಾದೆ."

ಫೋಟೊ ತೆರೆದು ನೋಡಿದೆ. ಸಣ್ಣ ಅಕ್ಷರದಲ್ಲಿ ಇತ್ತು.

"ನಾಳೆಯ ಫೋಟೊಕ್ಕೆ ನಾನು ಹೇಳಿದ್ದು ಬರಿ," ಎಂದಳು ತಂಗಿ. "ಅಮ್ಮ ನೋಡ್ತಾ ಇದ್ದಾಳೆ ಅಂತ. ಅವನಿಗೂ ಗೊತ್ತಾಗ್ಲಿ, ಇವಳಿಗೂ ಗೊತ್ತಾಗ್ಲಿ."

ಬರೆದು ಕಳಿಸಿದೆ. 엄마가 보고 있어요. ನನಗೂ ಗೊತ್ತಾಗಲಿ ಎಂದು ಅವಳು ಹೇಳಲಿಲ್ಲ.