ಎಲ್ಲಾ ಸೇರಿ ಎಷ್ಟು?

ಅರವತ್ತರ ದಶಕದ ನಡುವಿನ ಮಾತು. ನಾನು ಆಗ ಹೆಬ್ಬಾಳದ ಒಂದು ಸರ್ಕಾರಿ ಕಚೇರಿಯ ಖರೀದಿ ವಿಭಾಗದಲ್ಲಿ ಗುಮಾಸ್ತ. ಕಚೇರಿಗೆ ಒಂದು ಬಕೆಟ್ ಬೇಕಾದರೂ ಮೂರು ಅಂಗಡಿಯಿಂದ ಕೊಟೇಶನ್ ತರಿಸಿ, ಪಕ್ಕಪಕ್ಕ ಬರೆದು, ಯಾರದು ಕಡಿಮೆ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ನನ್ನ ಹೆಂಡತಿ ಬದುಕಿದ್ದಾಗ, ಸೊಪ್ಪಿನವಳು ಬಂದರೆ ಒಳಗಿನಿಂದಲೇ ಕೂಗುತ್ತಿದ್ದಳು: “ರೀ, ಬನ್ರೀ, ಕೊಟೇಶನ್ ಬಂದಿದೆ!”

ಅವಳು ಹೋದ ಮೇಲೆ ಯಲಹಂಕದ ಆ ಎರಡು ಕೋಣೆಯ ಮನೆಯಲ್ಲಿ ನನ್ನನ್ನು ಗೇಲಿ ಮಾಡುವವರು ಯಾರೂ ಉಳಿಯಲಿಲ್ಲ. ಮಕ್ಕಳಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಹೇಗೋ ಕಚೇರಿಯಲ್ಲಿ ಕಳೆಯುತ್ತಿತ್ತು. ಭಾನುವಾರ ಮಾತ್ರ ಹಾಳು ಭಾನುವಾರ. ಅದನ್ನು ಉಳಿಸಿದವನು ಅವಳ ತಮ್ಮ, ನನ್ನ ಭಾವಮೈದುನ. ಯಶವಂತಪುರದ ಅವನ ಮನೆಯಲ್ಲಿ ಭಾನುವಾರದ ಊಟ ನನಗೆ ಕಾಯಂ. ಅವನ ಹೆಂಡತಿ ನನ್ನನ್ನು ಅಣ್ಣ ಎನ್ನುತ್ತಿದ್ದಳು, ಕೇಳದೆಯೇ ಎರಡನೇ ಸಲ ಸಾರು ಬಡಿಸುತ್ತಿದ್ದಳು. ಊಟವಾದ ಮೇಲೆ ನಾನು ಅಲ್ಲೇ ಚಾಪೆಯ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದೆ. ವಾರದಲ್ಲಿ ನನಗೆ ನೆಮ್ಮದಿಯ ನಿದ್ದೆ ಬರುತ್ತಿದ್ದುದು ಅದೊಂದೇ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನಗೆ ಇನ್ನೆಲ್ಲೂ ಮನೆ ಅನ್ನುವುದು ಇರಲಿಲ್ಲ.

ಅಲ್ಲಿಗೆ ಹೋಗಿಬರಲು ಎರಡು ಬಸ್ಸು ಹಿಡಿಯಬೇಕಿತ್ತು. ಎರಡೂ ತಮ್ಮ ಮರ್ಜಿ ಬಂದಾಗ ಬರುವ ಬಸ್ಸುಗಳು. ಮೋಟಾರ್ ಸೈಕಲ್ ಕೊಳ್ಳೋಣ ಅನ್ನಿಸಿತು. ಸ್ಕೂಟರಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಮೋಟಾರ್ ಸೈಕಲ್ಲಿಗೆ ಅಷ್ಟು ನೂಕುನುಗ್ಗಲು ಇರಲಿಲ್ಲ. ನನ್ನ ಭಾವಮೈದುನ ಮೋಟಾರ್ ಸೈಕಲ್ ಮಾರುವ ಷೋರೂಮಿನಲ್ಲೇ ಅಕೌಂಟೆಂಟ್ ಬೇರೆ. ಊಟದ ಹೊತ್ತಿನಲ್ಲಿ ಕೇಳಿದೆ. ಅವನು ಮೊಸರನ್ನ ಕಲಸುತ್ತಲೇ ಒಂದು ಮೊತ್ತ ಹೇಳಿದ.

“ಅದ್ರಲ್ಲಿ ಏನೇನ್ ಸೇರಿದೆಯೋ?” ಅಂದೆ.

“ಎಲ್ಲಾ ಸೇರಿದೆ ಭಾವ. ನಿಮ್ಗೆ ನಾನ್ ಮೋಸ ಮಾಡ್ತೀನಾ?”

ಆ ವಾರವೇ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಇನ್ನೊಂದು ಷೋರೂಮಿಗೆ ಹೊಕ್ಕೆ. ಅದೇ ಗಾಡಿ, ಅದೇ ಮಾಡೆಲ್ಲು. ಅಲ್ಲಿನ ಸೇಲ್ಸ್‌ಮನ್ ಹೇಳಿದ ಮೊತ್ತ ಸಾಕಷ್ಟು ಕಡಿಮೆ. ಅವನೂ “ಎಲ್ಲಾ ಸೇರಿ ಸಾರ್” ಅಂದ. ಅಯ್ಯೋ, ಎರಡು ‘ಎಲ್ಲಾ’ ಹೇಗೆ ಬೇರೆಬೇರೆ ಇರಲು ಸಾಧ್ಯ? ಖರೀದಿ ಗುಮಾಸ್ತನ ತಲೆಗೆ ಹುಳ ಬಿಟ್ಟಂತಾಯಿತು.

ಮರುದಿನ ಊಟದ ಬಿಡುವಿನಲ್ಲಿ, ಟೈಪ್‌ರೈಟರಿನ ಮುಂದೆ ಕೂತು ಎರಡು ಷೋರೂಮಿನ ಮ್ಯಾನೇಜರುಗಳಿಗೂ ಇಂಗ್ಲಿಷಿನಲ್ಲಿ ಒಂದೇ ಪತ್ರ ಹೊಡೆದೆ. ಗಾಡಿ ರಸ್ತೆಗೆ ಇಳಿಯುವವರೆಗಿನ ಖರ್ಚನ್ನು ಬಾಬುವಾರು ಬರೆದು ತಿಳಿಸಬೇಕು. ಕಾರ್ಖಾನೆಯ ಬೆಲೆ ಎಷ್ಟು, ಎಕ್ಸೈಸ್ ಸುಂಕ ಅದರಲ್ಲೇ ಸೇರಿದೆಯೋ ಇಲ್ಲವೋ, ಸಾಗಣೆ, ಊರೊಳಗೆ ಸರಕು ತರುವ ಆಕ್ಟ್ರಾಯ್ ಸುಂಕ, ಮಾರಾಟ ತೆರಿಗೆ, ರಿಜಿಸ್ಟ್ರೇಷನ್ ಫೀಸು. ರಸ್ತೆ ತೆರಿಗೆ ಮೂರು ತಿಂಗಳದ್ದೋ ವರ್ಷದ್ದೋ. ವಿಮೆ ಬರೀ ಥರ್ಡ್ ಪಾರ್ಟಿಯೋ, ನಮ್ಮ ಗಾಡಿಗೂ ಸೇರಿದ್ದೋ. ಕಾಲಿನ ಗಾರ್ಡು, ಕನ್ನಡಿ ಬೇಕೇಬೇಕೋ, ಬೇಡವೆಂದರೆ ಬಿಡುತ್ತೀರೋ. ನಿಮ್ಮ ಸೇವಾ ಶುಲ್ಕವೆಷ್ಟು. ಈ ಬೆಲೆ ಎಲ್ಲಿಯವರೆಗೆ ಊರ್ಜಿತ. ಒಳ್ಳೆಯ ಪತ್ರ ಅದು, ಇವತ್ತಿಗೂ ಅದರಲ್ಲೊಂದು ಕೊರತೆ ಹುಡುಕಿ ನೋಡೋಣ!

ಕೊನೆಯಲ್ಲಿ ಕಚೇರಿಯ ರೂಢಿಯಂತೆ ಕೈ ತಾನಾಗಿ ಒಂದು ಸಾಲು ಹೊಡೆಯಿತು. ‘ಪ್ರತಿ’ ಅಂತ ಬರೆದು, ಒಬ್ಬರ ಪತ್ರದ ಕೆಳಗೆ ಇನ್ನೊಬ್ಬರ ವಿಳಾಸ. ಪೈಪೋಟಿಯಲ್ಲಿ ಯಾರಿದ್ದಾರೆಂದು ತಿಳಿದರೆ ವ್ಯಾಪಾರಿ ನೆಟ್ಟಗೆ ಬರೆಯುತ್ತಾನೆ. ನಾವು ಬಕೆಟ್ಟಿಗೂ ಹಾಗೇ ಮಾಡುತ್ತಿದ್ದೆವು.

ಮುಂದಿನ ಭಾನುವಾರ ಯಶವಂತಪುರಕ್ಕೆ ಹೋದೆ. ಭಾವಮೈದುನ ಬಾಗಿಲಲ್ಲೇ ಕೂತಿದ್ದ, ಏಳಲಿಲ್ಲ. ಊಟ ಮುಗಿಯಿತು. ಕೈ ತೊಳೆದು ಬಂದು ಹೇಳಿದ:

“ಕಾಗ್ದ ಬಂತು ಭಾವ. ಯಜಮಾನ್ರು ಒಡೆದ್ರು. ಎಲ್ರ ಎದುರಿಗೆ ನನ್ನನ್ನ ಕರೆದು ಕೇಳಿದ್ರು, ‘ಏನಯ್ಯಾ, ನಿನ್ ಸ್ವಂತ ಭಾವಾನೇ ನಿನ್ ಮಾತು ನಂಬಲ್ವಂತಲ್ಲ, ಪೈಪೋಟಿ ಅಂಗಡಿಯವ್ರ ಹತ್ರ ತಾಳೆ ನೋಡ್ತಾರಂತಲ್ಲ’ ಅಂತ. ಎಲ್ರೂ ನಕ್ರು.”

“ಲೋ, ಅದು ನಿನ್ನ ಮೇಲಿನ ಅನುಮಾನ ಅಲ್ಲ ಕಣೋ. ವ್ಯವಹಾರ ಅಂದ್ಮೇಲೆ ಬರವಣಿಗೇಲಿ ಇರ್ಬೇಕು.”

“ಊಟಕ್ಕೆ ಕೂತಾಗ ಕೇಳಿದ್ರಿ, ಹೇಳ್ದೆ. ಅದು ವ್ಯವಹಾರ ಅಂತ ನಂಗೆ ಗೊತ್ತಾಗ್ಲಿಲ್ಲ.”

ಅವನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಹೋಗ್ಲಿ ಬಿಡ್ರೀ, ಅಣ್ಣ ಏನೋ ಆಫೀಸ್ ಅಭ್ಯಾಸ” ಅಂದಳು. ನನಗೂ ಕೋಪ ಬಂದಿತ್ತು. ತಪ್ಪೇನು ಕೇಳಿದೆ ನಾನು? ಚಾಪೆ ಹಾಸುವುದಕ್ಕೆ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಯಾರೂ ಹಿಂದೆ ಕರೆಯಲಿಲ್ಲ. ಅದರ ಮುಂದಿನ ಭಾನುವಾರ ನಾನೇ ಅಕ್ಕಿ ಹಾಕಿ, ಅನ್ನ ತಳ ಹಿಡಿಸಿ, ಒಬ್ಬನೇ ಕೂತು ಉಂಡೆ. ಆ ಮಧ್ಯಾಹ್ನ ಮುಗಿಯಲೇ ಇಲ್ಲ.

ಇಬ್ಬರಿಂದಲೂ ಉತ್ತರ ಬಂತು. ದಂಡಿನವರದ್ದು ಓದುತ್ತ ಹೋದಂತೆ ಬಣ್ಣ ಬಿಟ್ಟಿತು. ಸಾಗಣೆ ಬೇರೆ, ತೆರಿಗೆ ಮೂರೇ ತಿಂಗಳದ್ದು, ವಿಮೆ ಥರ್ಡ್ ಪಾರ್ಟಿ ಮಾತ್ರ. ಕಾಲಿನ ಗಾರ್ಡು ಕಡ್ಡಾಯ. ಕೆಳಗೆ ‘ಇತರ ವೆಚ್ಚ’ ಅಂತ ಒಂದು ದಪ್ಪ ಮೊತ್ತ. ಭಾವಮೈದುನನ ಷೋರೂಮಿನದ್ದರಲ್ಲಿ ಸಾಗಣೆ ಸೇರಿತ್ತು, ತೆರಿಗೆ ವರ್ಷಪೂರ್ತಿಯದ್ದು, ವಿಮೆ ಪೂರಾ. ಎರಡನ್ನೂ ಒಂದೇ ಅಳತೆಗೆ ತಂದು, ಪಕ್ಕಪಕ್ಕ ಬರೆದು ಕೂಡಿಸಿದೆ. ಅವನ ಬೆಲೆಯೇ ಕಡಿಮೆ. ಊಟದ ಹೊತ್ತಿನಲ್ಲಿ ಬಾಯಲ್ಲಿ ಹೇಳಿದ್ದನಲ್ಲ, ಅದೇ ಮೊತ್ತ, ಒಂದು ಪೈಸೆ ಆಚೀಚೆ ಇಲ್ಲ. ಸೇವಾ ಶುಲ್ಕದ ಎದುರು ಮಾತ್ರ ‘ಇಲ್ಲ’ ಎಂದಿತ್ತು. ನನಗೋಸ್ಕರ ಯಜಮಾನರಿಗೆ ಹೇಳಿ ಅವನೇ ಬಿಡಿಸಿದ್ದ ಅಂತ ಕಾಣುತ್ತದೆ, ನನ್ನ ಪತ್ರಕ್ಕೂ ಮೊದಲೇ. ಕೆಂಪು ಗೆರೆ ಎಳೆಯಲು ಕೈ ಬರಲಿಲ್ಲ.

ಗಾಡಿ ಅವನ ಹತ್ತಿರವೇ ಕೊಂಡೆ. ಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ರಿಜಿಸ್ಟ್ರೇಷನ್ ಆಗಿ ಗಾಡಿ ಕೊಡುವ ದಿನ ಒಗೆದ ಷರ್ಟು ಹಾಕಿಕೊಂಡು, ಅವನ ಮಕ್ಕಳಿಗೆ ಅಂತ ಒಂದು ಪೊಟ್ಟಣ ಮೈಸೂರುಪಾಕು ಹಿಡಿದು ಹೋದೆ.

ಅವನು ಕೌಂಟರಿನ ಆಚೆ ನಿಂತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಬೇರೆ ಗಿರಾಕಿಗಳಿಗೆ ತೋರಿಸುವಂಥ ನಗುವೇ ಇತ್ತು.

“ಬನ್ನಿ ಸಾರ್. ಇದು ವಿಮೆ ಕಾಗ್ದ, ಇದು ತೆರಿಗೆ ರಶೀದಿ. ಬರೆದು ಕೊಟ್ಟಿರೋ ಪ್ರಕಾರ ಎಲ್ಲಾ ಇದೆಯಾ, ತಾಳೆ ನೋಡ್ಕೊಂಡು ಇಲ್ಲಿ ಸೈನ್ ಮಾಡಿ ಸಾರ್.”

ಹತ್ತಿರದಲ್ಲಿ ಯಾರೂ ಇರಲಿಲ್ಲ. ‘ಸಾರ್’ ಅನ್ನಬೇಕಾದ ಕಾರಣವೇ ಇರಲಿಲ್ಲ. ತಾಳೆ ನೋಡದೆ ಸಹಿ ಹಾಕಿದೆ. ಮೈಸೂರುಪಾಕಿನ ಪೊಟ್ಟಣ ಕೌಂಟರಿನ ಮೇಲಿಟ್ಟೆ. ಅವನು ಅದನ್ನು ಮುಟ್ಟದೆ ಕೀಲಿ ಮುಂದೆ ಸರಿಸಿದ.

ಬಾಗಿಲವರೆಗೆ ಹೋದವನು ತಡೆಯಲಾರದೆ ತಿರುಗಿ ಕೇಳಿಬಿಟ್ಟೆ:

“ಭಾನುವಾರ ಬರ್ಲೇನೋ?”

ಅವನು ರಶೀದಿ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಭಾನುವಾರ ಷೋರೂಮ್ ರಜಾ, ಸಾರ್.”