ಮಹಂತೇಶನ ನೋಟ್‌ಬುಕ್ಕಿನ ಮೂರನೆಯ ಕಾಲಂ

ಇಳಕಲ್ಲಿನ ಮಹಂತೇಶ ಒಂಬತ್ತು ವರ್ಷಗಳಿಂದ ನಮ್ಮ ಮನೆಯ ತಾರಸಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದಾನೆ. ದಿಲ್ಲಿಯವರು ಇದನ್ನು ಬರಸಾತಿ ಎನ್ನುತ್ತಾರೆ. ಬೇಸಿಗೆಯಲ್ಲಿ ಅದು ಕಾದ ಹಂಚು, ಚಳಿಗಾಲದಲ್ಲಿ ಅರಮನೆ. ಅವನು ಕೆಲಸ ಮಾಡುತ್ತಿದ್ದುದು ಮುಖರ್ಜಿ ನಗರದ ಒಂದು ಗೇಮಿಂಗ್ ಕೆಫೆಯಲ್ಲಿ. ಕೋಚಿಂಗ್ ತರಗತಿಗಳಲ್ಲಿ ದಣಿದ ಹುಡುಗರು ನೆಲಮಾಳಿಗೆಗೆ ಇಳಿದು ಬಂದು, ಗಂಟೆ ಲೆಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುವ ಜಾಗ. ಅಲ್ಲಿನ ಇಪ್ಪತ್ತು ಯಂತ್ರಗಳ ಯೋಗಕ್ಷೇಮ ಮಹಂತೇಶನದು.

ಅವನ ಅಭ್ಯಾಸವೊಂದನ್ನು ನಾನು ಬಹಳ ಮೆಚ್ಚುತ್ತಿದ್ದೆ. ಕೆಟ್ಟದ್ದೆಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಪುಟಕ್ಕೆ ಮೂರು ಕಾಲಂ. ಮೊದಲನೆಯದು ಗಿರಾಕಿಯ ದೂರು. ಎರಡನೆಯದು ತಕ್ಷಣದ ಉಪಾಯ. ಮೂರನೆಯದು ನಿಜವಾದ ಕಾರಣ, ಅದನ್ನು ಯಾರಿಗೆ ಯಾವಾಗ ಹೇಳಿದೆ, ಅವರು ಏನೆಂದರು. ಎಲ್ಲವೂ ಕನ್ನಡದಲ್ಲಿ. "ಹಿಂದಿಯಲ್ಲಿ ಬರೆಯೋಕೆ ಕೂತರೆ ಅರ್ಧ ಬುದ್ಧಿ ಕಾಗುಣಿತಕ್ಕೇ ಹೋಗ್ತದೆ ಸರ್. ಕಾರಣ ಹುಡುಕೋಕೆ ಉಳಿಯೋದು ಅರ್ಧವೇ" ಎಂದು ನಗುತ್ತಿದ್ದ.

ಕಳೆದ ಮೇ ತಿಂಗಳಲ್ಲಿ ಅವನಿಗೆ ಒಳ್ಳೆಯ ಕೆಲಸವೊಂದು ಒದಗಿಬಂತು. ಓಖ್ಲಾದ ಒಂದು ಸಂಸ್ಥೆ ಊರೂರಿನ ಕೆಫೆಗಳಲ್ಲಿ ಆಟದ ಪಂದ್ಯಗಳನ್ನು ನಡೆಸುತ್ತದೆ. ಯಂತ್ರಗಳ ಮೇಲ್ವಿಚಾರಕನೊಬ್ಬ ಅವರಿಗೆ ಬೇಕಿದ್ದ. ಮಹಂತೇಶನನ್ನು ನೋಡಿ, ಮಾತನಾಡಿಸಿ, ಜುಲೈ ಒಂದರಿಂದ ಬನ್ನಿ ಎಂದರು. ಆದರೆ ಹಳೆಯ ಯಜಮಾನರ ಕಡೆಯಿಂದ ಒಂದು ಒಳ್ಳೆಯ ಮಾತು ಬೇಕು ಎಂಬ ಷರತ್ತು ಇತ್ತು. ನಲವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನೆಲಮಾಳಿಗೆಯಿಂದ ಮೇಲೆ ಬರುವ ಅವಕಾಶ. ಅವನು ನಮ್ಮ ಮನೆಗೆ ಸೋನ್ ಪಾಪಡಿ ತಂದುಕೊಟ್ಟ.

ಕೆಫೆಯ ಯಜಮಾನ ರಾಹುಲ್ ಭಾಟಿಯಾ ಹೇಳಿದ್ದು ಇಷ್ಟೇ: "ಅಚ್ಛಾ, ಹೋಗು ಭಾಯಿ. ಆದರೆ ಹೊಸಬನಿಗೆ ಎಲ್ಲ ಬರೆದುಕೊಟ್ಟು ಹೋಗು."

ಮಹಂತೇಶನಿಗೆ ಹೊಸದಾಗಿ ಬರೆಯುವ ಅಗತ್ಯವೇ ಇರಲಿಲ್ಲ. ನೋಟ್‌ಬುಕ್ ಇತ್ತು. ಹಿಂದಿಗೆ ತಿರುಗಿಸಿ ಟೈಪ್ ಮಾಡಬೇಕಿತ್ತು, ಅಷ್ಟೆ. ಅದಕ್ಕೆ ಪ್ರೇರಣಾ ಇದ್ದಳು.

ಪ್ರೇರಣಾ ಆ ಕೆಫೆಯ ಕೌಂಟರ್ ನೋಡಿಕೊಳ್ಳುವವಳು. ಸರ್ಕಾರಿ ಗುಮಾಸ್ತರ ಮಗಳು, ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲೇ. ನಿವೃತ್ತಿಯ ನಂತರ ನಾನು ಭಾನುವಾರಗಳಂದು ನಡೆಸುತ್ತಿದ್ದ ಕನ್ನಡ ತರಗತಿಗೆ ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳು. ಮಾತನಾಡುವಾಗ ಹಿಂದಿಗೆ ಜಾರುತ್ತಿದ್ದಳೇ ಹೊರತು ಓದಿನಲ್ಲಿ ಎಲ್ಲರಿಗಿಂತ ಮುಂದು. ನನ್ನ ಕೈಬರಹವನ್ನೂ ತಡವರಿಸದೆ ಓದುತ್ತಿದ್ದ ಮಗು ಅದೊಂದೇ. ಮಹಂತೇಶನಿಗೆ ಆ ಕೆಫೆಯಲ್ಲಿ ಕೆಲಸ ಕೊಡಿಸಿದವಳೂ ಅವಳೇ. ದಿಲ್ಲಿಯ ಪದ್ಧತಿಯಂತೆ ಪ್ರತಿ ಶ್ರಾವಣದಲ್ಲಿ ಅವನ ಕೈಗೆ ರಾಖಿ ಕಟ್ಟುತ್ತಿದ್ದಳು.

"ಮಹಂತೇಶಣ್ಣ, ನಿನ್ನ ಅಕ್ಷರ ಇರುವೆ ಸಾಲಿನ ಹಾಗಿದೆ. ಕಣ್ಣು ಹೋದರೆ ಕನ್ನಡಕ ಕೊಡಿಸ್ತೀಯಾ?"

"ಕೊಡಿಸ್ತೀನಿ, ಟೈಪ್ ಮಾಡು. ಒಂದೂ ಬಿಡಬೇಡ."

ಆ ನೋಟ್‌ಬುಕ್ಕನ್ನು ನಾನು ನೋಡಿದ್ದೆ. ಒಂದೆರಡು ಸಾಲು ನೆನಪಿವೆ. ನಾಲ್ಕನೇ ಯಂತ್ರ. ದೂರು: ಆಟದ ಮನುಷ್ಯ ನಡೆಯುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಎಂದು ಕೂಗಾಟ. ಉಪಾಯ: ಎಫ್‌ಎನ್ ಕೀ ಹಿಡಿದು ಡಬ್ಲ್ಯು ಒತ್ತಿ. ಕಾರಣ: ಕೀಬೋರ್ಡ್ ಕೆಟ್ಟಿಲ್ಲ, ಆಡುವ ಭರದಲ್ಲಿ ಯಾರೋ ಅದೇ ಎರಡು ಕೀಗಳನ್ನು ಒತ್ತಿ, ನಡೆಸುವ ಕೆಲಸವನ್ನು ಬಾಣದ ಕೀಗಳಿಗೆ ವಹಿಸಿದ್ದಾರೆ. ಗಿರಾಕಿಯನ್ನು ಬಯ್ಯಬೇಡಿ. ಇನ್ನೊಂದು ಕಡೆ, ತಂಡದವರಿಗೆ ನನ್ನ ಮಾತು ಕೇಳಿಸುತ್ತಿಲ್ಲ ಎಂಬ ದೂರು. ಉಪಾಯ: ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ ಬದಲಿಸಿ. ಕಾರಣ: ಹಿಂದಿನವನು ತನ್ನ ಸ್ವಂತ ಹೆಡ್‌ಸೆಟ್ ತಂದಿದ್ದ, ಯಂತ್ರ ಇನ್ನೂ ಅದರ ಆಯ್ಕೆಯಲ್ಲೇ ಇದೆ.

ಇವೆಲ್ಲ ಸಣ್ಣ ತಂಟೆಗಳು. ದೊಡ್ಡದು ಆರು, ಒಂಬತ್ತು, ಹನ್ನೊಂದನೇ ಯಂತ್ರಗಳದು. ಐದೈದು ಜನ ಎದುರಾಗಿ ಆಡುವ ಗುಂಡಿನ ಆಟವೊಂದಿದೆ. ಅದರ ಜೊತೆಗೆ ಮೋಸ ತಡೆಯುವ ಒಂದು ಕಾವಲು ತಂತ್ರಾಂಶ ಇರುತ್ತದೆ. ಯಂತ್ರದ ಒಳಗಿನ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆ ಚಾಲೂ ಇಲ್ಲದಿದ್ದರೆ ಅದು ಆಟವನ್ನು ಆರಂಭಿಸಲು ಬಿಡುವುದಿಲ್ಲ. ಈ ಮೂರು ಯಂತ್ರಗಳಲ್ಲಿ ಕರೆಂಟು ಪೂರ್ತಿ ಹೋದಾಗಲೆಲ್ಲ ಆ ವ್ಯವಸ್ಥೆ ತಾನಾಗಿ ಆರಿಹೋಗುತ್ತಿತ್ತು, ಗಡಿಯಾರವೂ ಹಳೆಯ ತಾರೀಖಿಗೆ ಮರಳುತ್ತಿತ್ತು. ಎರಡನೇ ಕಾಲಂನಲ್ಲಿ ಮಹಂತೇಶ ಬರೆದಿದ್ದ: ಯಂತ್ರ ಚಾಲೂ ಆಗುವಾಗ ಡಿಲೀಟ್ ಕೀ ಒತ್ತಿ ಒಳಗಿನ ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟ್ ಹಾಕಿ, ಗಡಿಯಾರ ಸರಿಮಾಡಿ, ಸೇವ್ ಮಾಡಿ ಹೊರಬನ್ನಿ. ಮೂರನೇ ಕಾಲಂನಲ್ಲಿ: ಸೆಟ್ಟಿಂಗ್ ನೆನಪಿಡುವ ಬಿಲ್ಲೆ ಸೆಲ್ ಸತ್ತಿದೆ. ಹೊಸ ಸೆಲ್ ಹಾಕಿದರೆ ರೋಗ ಹೋಗುತ್ತದೆ. ಅಲ್ಲಿಯವರೆಗೆ ಮೇನ್ ಸ್ವಿಚ್ ಆರಿಸಬೇಡಿ. ರಾಹುಲ್‌ಜಿ ಅವರಿಗೆ ಜನವರಿಯಲ್ಲಿ ಹೇಳಿದೆ, ಮಾರ್ಚ್‌ನಲ್ಲಿ ಹೇಳಿದೆ, ಮೇ ತಿಂಗಳಲ್ಲಿ ಹೇಳಿದೆ. "ದೀಪಾವಳಿಗೆ ಹೊಸ ಯಂತ್ರಗಳನ್ನೇ ತರುತ್ತೇನೆ, ಈ ಹಳೆಯವಕ್ಕೆ ಕೈ ಹಾಕಬೇಡ" ಎಂದರು.

ಒಮ್ಮೆ ತಾನೇ ಸೆಲ್ ತಂದು ಹಾಕಲು ಹೋಗಿ, ತೆರೆದ ಯಂತ್ರದ ಮುಂದೆಯೇ ಬೈಸಿಕೊಂಡು ಬಂದಿದ್ದ.

ಜೂನ್ ಹದಿನೈದರಂದು ನೋಟ್‌ಬುಕ್ಕನ್ನು ಪ್ರೇರಣಾಳ ಕೈಗಿತ್ತು, ಹೊಸ ಟೆಕ್ನಿಷಿಯನ್‌ಗೆ ಇಪ್ಪತ್ತು ಯಂತ್ರಗಳನ್ನೂ ತೋರಿಸಿ ಮಹಂತೇಶ ಬಿಡುಗಡೆ ಹೊಂದಿದ. ಪುಟಗಳ ಫೋಟೊ ತೆಗೆದುಕೊಳ್ಳಬೇಕೆಂದು ಅವನಿಗೆ ಹೊಳೆಯಲಿಲ್ಲ. ತಂಗಿಯ ಕೈಗೆ ಕೊಟ್ಟದ್ದಕ್ಕೆ ರಸೀತಿ ಯಾರು ಕೇಳುತ್ತಾರೆ?

ನಂತರದ ಭಾನುವಾರ ಅದೇ ಕೆಫೆಯಲ್ಲಿ ಓಖ್ಲಾದವರ ಪಂದ್ಯ. ಜೂನ್ ತಿಂಗಳ ಮಧ್ಯಾಹ್ನ, ಎರಡು ಬಾರಿ ಕರೆಂಟು ಹೋಯಿತು. ಇನ್ವರ್ಟರ್ ದೀಪಗಳಿಗೆ ಮಾತ್ರ. ಎರಡು ಬಾರಿಯೂ ಆರು, ಒಂಬತ್ತು, ಹನ್ನೊಂದು ಆಟ ತೆರೆಯಲು ಒಪ್ಪಲಿಲ್ಲ. ಹೊಸ ಟೆಕ್ನಿಷಿಯನ್ ಹಾಳೆ ಹಿಡಿದು ಒಂದೊಂದಾಗಿ ಸರಿಮಾಡುವಷ್ಟರಲ್ಲಿ ತಂಡವೊಂದು ಎದ್ದು ಹೋಯಿತು. ಓಖ್ಲಾದ ಮ್ಯಾನೇಜರ್ ಕಾರಣ ಕೇಳಿದರು. ರಾಹುಲ್ ಟೈಪ್ ಮಾಡಿದ ಹಾಳೆಗಳನ್ನು ಅವರ ಕೈಗೆ ಕೊಟ್ಟು, "ನೋಡಿ, ಹಳೆಯ ಟೆಕ್ನಿಷಿಯನ್ ಬರೆದಿಟ್ಟು ಹೋದದ್ದು. ಎಲ್ಲ ಗೊತ್ತಿತ್ತು ಅವನಿಗೆ. ನನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ" ಎಂದರಂತೆ.

ಆ ಹಾಳೆಗಳಲ್ಲಿ ಎರಡೇ ಕಾಲಂ ಇದ್ದವು.

ಆ ಶುಕ್ರವಾರ ಓಖ್ಲಾದಿಂದ ಫೋನ್ ಬಂದಾಗ ಮಹಂತೇಶ ನಮ್ಮ ಅಡುಗೆಮನೆಯ ಮಿಕ್ಸಿ ಬಿಚ್ಚಿ ಕುಳಿತಿದ್ದ. ಮ್ಯಾನೇಜರ್ ಒರಟಾಗಿ ಮಾತನಾಡಲಿಲ್ಲ. ರೋಗ ಗೊತ್ತಿದ್ದೂ ಮುಚ್ಚಿಡುವವರು ನಮಗೆ ಬೇಡ ಎಂದರು. ಇವನು ನೋಟ್‌ಬುಕ್ಕಿನ ಮಾತು ಹೇಳಿದ. "ಸೋಮವಾರದೊಳಗೆ ತೋರಿಸಿ. ಇಲ್ಲವೆ ಅದನ್ನು ಓದಿದ ಕೆಫೆಯವರೇ ಯಾರಾದರೂ ಇದ್ದರೆ ಅವರಿಂದ ಹೇಳಿಸಿ, ಮನೆಯವರ ಮಾತು ಬೇಡ" ಎಂದರು.

ಅವನು ಹೊರಟ. ಜೊತೆಗೆ ನಾನೂ ಹೊರಟೆ. ಏನೋ ಕೈತಪ್ಪು ಆಗಿರಬೇಕು, ಅವಳೇ ಸರಿಮಾಡುತ್ತಾಳೆ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿದೆ.

ಕೌಂಟರಿನಲ್ಲಿ ಪ್ರೇರಣಾ ನಮ್ಮನ್ನು ಕಂಡು ಎದ್ದು ನಿಂತಳು. ಇವನು ಕೂಗಾಡಲಿಲ್ಲ.

"ಮೂರನೇದು ಎಲ್ಲಿ ಪ್ರೇರಣಾ?"

"ಅಣ್ಣಾ... ಹೊಸಬನಿಗೆ ಉಪಾಯ ಸಾಕು, ಕಾರಣ ಯಾಕೆ ಅಂದ್ರು ರಾಹುಲ್ ಸರ್. ನಾನೂ ಅಚ್ಛಾ ಅಂತ ಬಿಟ್ಟೆ."

"ಮೊದಲು ಟೈಪ್ ಮಾಡಿದ್ದೆಯಾ?"

"ಮಾಡಿದ್ದೆ. ಪೂರಾ. ಸರ್ ಓದಿದ್ರು. ಆಮೇಲೆ ತೆಗಿ ಅಂದ್ರು."

"ನೋಟ್‌ಬುಕ್?"

"ಅವರ ಹತ್ರಾನೇ ಇದೆ. ಕೊಡಲ್ಲ ಅಣ್ಣಾ, ನಾನು ಕೇಳಿದೆ."

"ಹೋಗಲಿ. ಓಖ್ಲಾದವರಿಗೆ ಒಂದು ಫೋನ್ ಮಾಡು. ನಾನು ಓದಿದ್ದೀನಿ, ಅದರಲ್ಲಿ ಹೀಗಿತ್ತು ಅಂತ ಹೇಳು. ಎರಡು ನಿಮಿಷದ ಮಾತು."

ಪ್ರೇರಣಾ ಹಿಂದಿನ ಗಾಜಿನ ಕೋಣೆಯ ಕಡೆಗೆ ನೋಡಿದಳು. ಒಳಗೆ ರಾಹುಲ್ ಕುಳಿತಿದ್ದರು. ಅವಳ ಕೊರಳಲ್ಲಿ ಹೊಸದೊಂದು ಗುರುತಿನ ಚೀಟಿ ತೂಗುತ್ತಿತ್ತು. ಕೆಫೆಯ ಹೆಸರಿನ ಕೆಳಗೆ ಫರೀದಾಬಾದ್ ಶಾಖೆ, ಮ್ಯಾನೇಜರ್ ಎಂದು ಬರೆದಿತ್ತು. ನಾನು ಓದಿದ್ದನ್ನು ಕಂಡು ಅವಳು ಅದನ್ನು ಮಗುಚಿದಳು.

"ನಾಳೆ ಮಾಡ್ತೀನಿ ಅಣ್ಣಾ. ಪಕ್ಕಾ."

"ಸೋಮವಾರ ಕಡೆಯ ದಿನ."

"ಹಾಂ, ಗೊತ್ತು. ಸರ್, ನೀವಾದ್ರೂ ಹೇಳಿ ಅಣ್ಣನಿಗೆ, ನಾನು ಮಾಡ್ತೀನಿ."

ನಾನು ಹೇಳಿದೆ. ನನ್ನ ಶಿಷ್ಯೆಯ ಪರವಾಗಿ ಅವನಿಗೆ ಮಾತು ಕೊಟ್ಟೆ.

ಸೋಮವಾರ ಸಂಜೆಯವರೆಗೆ ಅವನು ಮೊಬೈಲನ್ನು ಅಂಗೈಯಿಂದ ಕೆಳಗಿಡಲಿಲ್ಲ. ಆರು ಗಂಟೆಗೆ ತಾನೇ ಓಖ್ಲಾಕ್ಕೆ ಫೋನ್ ಮಾಡಿ ಕೇಳಿದ. ಯಾರೂ ಮಾತನಾಡಿಲ್ಲ ಎಂದರು. ನಾನು ಪ್ರೇರಣಾಳಿಗೆ ಮೂರು ಬಾರಿ ಕರೆಮಾಡಿದೆ, ಎತ್ತಲಿಲ್ಲ. ಮಹಂತೇಶ ಮಹಡಿ ಇಳಿದು ಬಂದು ಬಿಚ್ಚಿಟ್ಟಿದ್ದ ಮಿಕ್ಸಿಯನ್ನು ಜೋಡಿಸಿ, ತಿರುಗಿಸಿ ನೋಡಿ, "ಇದು ಸರಿಯಾಯ್ತು ಸರ್" ಎಂದು ಹೇಳಿ ಮೇಲೆ ಹೋದ.

ಮರುವಾರ ಕೆಫೆಯ ಹೊಸ ಟೆಕ್ನಿಷಿಯನ್ ಅವನಿಗೆ ಫೋನ್ ಮಾಡಿದ. "ಭಾಯಿಸಾಬ್, ನೀವು ಬರೆದ ಉಪಾಯ ಸರಿಯಾಗಿ ನಡೆಯುತ್ತದೆ. ಆದರೆ ಕರೆಂಟು ಹೋದಾಗಲೆಲ್ಲ ಮತ್ತೆ ಮಾಡಬೇಕು. ಯಾಕೆ ಹೀಗೆ?" ನಾನು ಪಕ್ಕದಲ್ಲೇ ಇದ್ದೆ. ಕಟ್ ಮಾಡಿಬಿಡು ಎಂದು ನನ್ನ ಮನಸ್ಸಿಗೇ ಬಂತು. ಅವನು ಸಾವಧಾನವಾಗಿ ಹೇಳಿದ: "ಸೆಲ್ ಸತ್ತಿದೆ. ಹೊಸದು ಹಾಕಿ ನೋಡಿ. ಹಾಕುವ ಮೊದಲು ಯಜಮಾನರಿಗೆ ಹೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಮನೆಯಲ್ಲಿ."

ಈಗ ಅವನು ಆನ್‌ಲೈನ್ ಪರೀಕ್ಷೆ ನಡೆಸುವ ಒಂದು ಕೇಂದ್ರದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಅದೂ ನೆಲಮಾಳಿಗೆಯೇ. ಪ್ರೇರಣಾ ಫರೀದಾಬಾದಿನಲ್ಲಿದ್ದಾಳೆ. ಶ್ರಾವಣದಲ್ಲಿ ಅವಳಿಂದ ಕೊರಿಯರ್‌ನಲ್ಲಿ ಒಂದು ಲಕೋಟೆ ಬಂತು. ಒಳಗಿರುವುದು ರಾಖಿ ಎಂದು ಮುಟ್ಟಿದರೇ ತಿಳಿಯುತ್ತಿತ್ತು. ಅವನು ಅದನ್ನು ಒಡೆಯಲೂ ಇಲ್ಲ, ಬಿಸಾಡಲೂ ಇಲ್ಲ. ಕಿಟಕಿಯ ಗೂಡಿನಲ್ಲಿ, ಬಲ್ಬುಗಳ ಡಬ್ಬಿಯ ಪಕ್ಕ, ಅದು ಈಗಲೂ ಇದೆ.

ಮೊನ್ನೆ ನೀರಿನ ಟ್ಯಾಂಕ್ ನೋಡಲು ತಾರಸಿಗೆ ಹೋದಾಗ ಅವನು ಬಾಗಿಲ ಬಳಿ ಕುಳಿತು ಬರೆಯುತ್ತಿದ್ದ. ಹೊಸ ನೋಟ್‌ಬುಕ್, ಅವೇ ಮೂರು ಕಾಲಂ. ಕಾರಣದ ಕಾಲಂ ಈಗ ಮೊದಲಿಗೆ ಬಂದಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಕೇಳಿಸಿಕೊಂಡವರ ಸಹಿ ಇತ್ತು. ಬರವಣಿಗೆ ಹಿಂದಿ. ಅಕ್ಷರಗಳು ಅಡ್ಡಾದಿಡ್ಡಿ, ಒಂದೊಂದು ಪದವನ್ನೂ ಎರಡೆರಡು ಬಾರಿ ಹೊಡೆದು ತಿದ್ದಿದ್ದ.

"ಕನ್ನಡ ಬಿಟ್ಟೆಯೇನಪ್ಪಾ?" ಎಂದೆ.

ಅವನು ತಲೆ ಎತ್ತಲಿಲ್ಲ. "ಕನ್ನಡದಲ್ಲಿ ಬರೆದರೆ ಓದಿ ಹೇಳೋಕೆ ನಮ್ಮವರು ಬೇಕಾಗ್ತಾರೆ ಸರ್."

ಅವಳಿಗೆ ಓದಲು ಕಲಿಸಿದವನು ನಾನು. ಟ್ಯಾಂಕಿನ ಮುಚ್ಚಳ ಮುಚ್ಚಿ ಕೆಳಗಿಳಿದೆ.