ಸುಧಾಮಣಿಯವರ ಈಮೇಲ್

ಬನಶಂಕರಿಯ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಸುಧಾಮಣಿ ಬಹಳ ವರ್ಷಗಳಿಂದ ಬೇರೆಯವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದಾರೆ. ಪೋರ್ಟಲ್ ಈಮೇಲ್ ಕೇಳಿದಾಗ ಗಿರಾಕಿಗಳು "ನಿಮ್ದೇ ಹಾಕ್ಬಿಡಿ ಮೇಡಂ" ಎನ್ನುತ್ತಾರೆ. ಇವರೂ ಹಾಕಿಬಿಡುತ್ತಾರೆ. ಹಾಗಾಗಿ ಊರವರ ನೋಟಿಸುಗಳೆಲ್ಲ ಬಂದು ಬೀಳುವುದು ಇವರ ಇನ್‌ಬಾಕ್ಸಿಗೆ. ಅದನ್ನು ತೆರೆಯುವುದೆಂದರೇ ಈಗೀಗ ಅವರಿಗೆ ಸುಸ್ತು.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಮ್ಯಾನೇಜರ್ ದುಂಡಪ್ಪ ಒಂದು ದಿನ ಮೊಬೈಲ್ ಮುಂದೆ ಹಿಡಿದರು. "ರಿಟರ್ನ್‌ನಾಗ ರೀಫಂಡ್ ಹದಿನೆಂಟ ಸಾವಿರ ಅಂತ ಐತ್ರಿ ಮೇಡಂ. ಅಕೌಂಟಿಗೆ ಹನ್ನೊಂದ ಬಂದೈತಿ."

ಸುಧಾಮಣಿ ಪೋರ್ಟಲ್ ತೆರೆದು ನೋಡಿದರು. "ನಿಮ್ಮ ಹಳೇ ಕಂಪನಿಯವರು ಸಂಬಳದಲ್ಲಿ ಟಿಡಿಎಸ್ ಹಿಡ್ಕೊಂಡು ಸರ್ಕಾರಕ್ಕೆ ಕಟ್ಟಿಲ್ಲ. ಅದು ನಿಮ್ಮ ಹೆಸರಲ್ಲೇ ತೆರಿಗೆ ಬಾಕಿ ಅಂತ ನಿಂತಿತ್ತು. ಅದನ್ನ ಇಲಾಖೆಯವರು ಈ ರೀಫಂಡ್‌ನಲ್ಲಿ ಮುರ್ಕೊಂಡಿದ್ದಾರೆ."

"ನನ್ನ ಒಂದ್ ಮಾತು ಕೇಳ್ದನ ಮುರ್ಕೊಂಡ್ರೇನ್ರಿ?"

ಸುಧಾಮಣಿ ತಮ್ಮ ಇನ್‌ಬಾಕ್ಸ್ ಹುಡುಕಿದರು. ಉತ್ತರ ಕೊಡುವ ಹೊತ್ತಿಗೆ ಅವರ ದನಿ ಕುಗ್ಗಿತ್ತು. "ಕೇಳಿದ್ರು. ಒಪ್ಪಲ್ಲ ಅಂತ ಬರೆಯೋಕೆ ಇಪ್ಪತ್ತೊಂದು ದಿನ ಟೈಮೂ ಕೊಟ್ಟಿದ್ರು. ಆ ನೋಟಿಸ್ ನನ್ನ ಈಮೇಲ್‌ಗೆ ಬಂದಿದೆ, ನಾನು ನೋಡೇ ಇಲ್ಲ. ಸ್ಯಾಲರಿ ಸ್ಲಿಪ್ ತನ್ನಿ, ಈಗಲೂ ತಕರಾರು ಹಾಕ್ಬಹುದು. ಫೀಸ್ ಬೇಡ. ಮೊದಲು ನಿಮ್ಮ ಈಮೇಲ್ ಹೇಳಿ, ಬದಲಾಯಿಸ್ತೀನಿ."

ದುಂಡಪ್ಪ ಮೊಬೈಲ್ ಜೇಬಿಗೆ ಇಟ್ಟುಕೊಂಡರು.

"ಬ್ಯಾಡ್ರಿ, ನಿಮ್ದ ಇರ್ಲಿ. ನನ್ನ ಈಮೇಲ್ ನಾ ನೋಡಂಗಿಲ್ಲ. ನೀವರ ಇನ್ಮ್ಯಾಲ ನೋಡ್ತೀರಿ."